ಸಮ್ಮಿಂಗಾ, ಡಿಫರೆನ್ಸಾ? ಒಂದೇ ಸೆನ್ಸರ್‌ಗೆ ಎರಡನ್ನೂ ಕಟ್ಟಿ ನೋಡಿದೆ

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳು ಅಂದ್ರೆ ಹೇಳಬೇಕಾಗಿಲ್ಲ. ಗೆಳೆಯನೊಬ್ಬನ ದಾಲ್ ಮಿಲ್‌ನಲ್ಲಿ ತೊಗರಿ ಇಡುವ ಕೋಣೆ ಎಷ್ಟು ಕಾಯುತ್ತದೆ ಅಂತ ಆಫೀಸಿನಲ್ಲೇ ಕೂತು ನೋಡಬೇಕಿತ್ತು. ಅಳಿಯ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಅವನಿಗೂ ಒಂದು ಪ್ರಾಜೆಕ್ಟ್ ಆಯ್ತು, ನನಗೂ ಒಂದು ನೆಪ ಸಿಕ್ಕಿತು.

ಸೆನ್ಸರ್ ಎಲ್‌ಎಂ35. ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 20 ಡಿಗ್ರಿಗೆ 0.2 ವೋಲ್ಟ್, 50 ಡಿಗ್ರಿಗೆ 0.5 ವೋಲ್ಟ್. ನಮಗೆ ಬೇಕಿದ್ದದ್ದು 20 ಡಿಗ್ರಿಗೆ ಸೊನ್ನೆ, 50ಕ್ಕೆ 3 ವೋಲ್ಟ್. ಅಂದರೆ 0.2 ಕಳೆದು ಹತ್ತರಿಂದ ಗುಣಿಸಬೇಕು:

```
Vo = 10 * (Vs - 0.2)
```

ಇದನ್ನು ಸಮ್ಮಿಂಗ್ ಆಂಪ್ಲಿಫೈಯರ್‌ನಲ್ಲೂ ಮಾಡಬಹುದು, ಡಿಫರೆನ್ಸ್ ಆಂಪ್ಲಿಫೈಯರ್‌ನಲ್ಲೂ ಮಾಡಬಹುದು. ಕಳೆಯುವ ಕೆಲಸ ಅಲ್ವಾ, ಡಿಫರೆನ್ಸೇ ಸರಿ ಅಂತ ಅಳಿಯ. ನಾನು ಎರಡನ್ನೂ ಕಟ್ಟೋಣ ಅಂದೆ. ಎರಡಕ್ಕೂ ಐಸಿ ಒಂದೇ, ಎಲ್‌ಎಂ358. ಒಂದರ ಒಳಗೆ ಎರಡು ಆಪ್‌ಆಂಪ್ ಇರುತ್ತವೆ.

ಮೊದಲು ಸಮ್ಮಿಂಗ್. ಇದರ ಸೂತ್ರ ಎಲ್ಲರಿಗೂ ಗೊತ್ತು:

```
Vo = -( (Rf/R1)*V1 + (Rf/R2)*V2 )
```

Rf 100 ಕಿಲೋ, R1 10 ಕಿಲೋ. ಸೆನ್ಸರ್‌ಗೆ ಹತ್ತು ಪಟ್ಟು ಸಿಕ್ಕಿತು. ಕಳೆಯೋದು ಹೇಗೆ? ಇನ್ನೊಂದು ಇನ್‌ಪುಟ್‌ಗೆ ಮೈನಸ್ ವೋಲ್ಟೇಜ್ ಕೊಟ್ಟರೆ ಆಯ್ತು. ಅದಕ್ಕೆಂದೇ ಮೈನಸ್ 0.2 ವೋಲ್ಟ್ ತಯಾರಿಸುವ ಗೋಜು ಬೇಡ. ಬೋರ್ಡಿನಲ್ಲೇ ಮೈನಸ್ 12 ಇದೆ. ಔಟ್‌ಪುಟ್‌ನಲ್ಲಿ 2 ವೋಲ್ಟ್ ಸರಿಸಬೇಕು, ಹಾಗಾಗಿ Rf/R2 ಆರರಲ್ಲಿ ಒಂದು ಇರಬೇಕು. R2 600 ಕಿಲೋ. ಒಂದು 560 ಕಿಲೋ, ಅದರ ಹಿಂದೆ 100 ಕಿಲೋ ಪ್ರೀಸೆಟ್, ಅಷ್ಟೇ. ಔಟ್‌ಪುಟ್ ತಲೆಕೆಳಗಾಗಿ ಬರುತ್ತದೆ, ಅಂದರೆ 43 ಡಿಗ್ರಿಗೆ ಮೈನಸ್ 2.3. ಐಸಿಯ ಇನ್ನರ್ಧಕ್ಕೆ ಎರಡು ಸಮ ರೆಸಿಸ್ಟರ್ ಹಾಕಿ ಅದನ್ನು ನೆಟ್ಟಗೆ ಮಾಡಿದೆವು. ಬರೀ ಮಲ್ಟಿಮೀಟರ್‌ನಲ್ಲಿ ನೋಡೋದಾದರೆ ಅದೂ ಬೇಡ, ಪ್ರೋಬ್ ಅದಲು ಬದಲು ಮಾಡಿದರೆ ಸಾಕು.

ಇದು ಮೊದಲ ಸಲಕ್ಕೇ ಸರಿಯಾಗಿ ಓಡಿತು. ಅದಕ್ಕೆ ಕಾರಣ ಇದೆ. ಮೈನಸ್ ಪಿನ್ ಯಾವಾಗಲೂ ಸೊನ್ನೆ ವೋಲ್ಟ್‌ನಲ್ಲೇ ಕೂತಿರುತ್ತದೆ. ಒಂದು ಇನ್‌ಪುಟ್‌ನಿಂದ ಬರುವ ಕರೆಂಟ್‌ಗೆ ಪಕ್ಕದ ಇನ್‌ಪುಟ್ ಇರೋದೇ ಗೊತ್ತಾಗಲ್ಲ. ಸೆನ್ಸರ್ ತಂತಿಯನ್ನು ಗ್ರೌಂಡ್‌ಗೆ ಮುಟ್ಟಿಸಿ, R2 ತಿರುಗಿಸಿ 2 ವೋಲ್ಟ್‌ಗೆ ನಿಲ್ಲಿಸಿದೆವು. ಆಮೇಲೆ R1 ಕಡೆಯ ಚಿಕ್ಕ ಪ್ರೀಸೆಟ್‌ನಿಂದ ಹತ್ತು ಪಟ್ಟು ಸರಿ ಮಾಡಿದೆವು. ಮತ್ತೆ ಹಿಂದೆ ಹೋಗಿ ನೋಡಿದರೆ 2 ವೋಲ್ಟ್ ಅಲ್ಲೇ ಇತ್ತು, ಅಲುಗಿರಲಿಲ್ಲ. ಒಂದು ದೋಷ ಇದೆ: ಮೈನಸ್ 12 ಶೇಕಡಾ 1ರಷ್ಟು ಸರಿದರೆ ಔಟ್‌ಪುಟ್ 20 ಮಿಲಿವೋಲ್ಟ್ ಸರಿಯುತ್ತದೆ, 0.2 ಡಿಗ್ರಿ ಆಯ್ತು. ತೊಗರಿಗೆ ಅದು ನಡೆಯುತ್ತೆ.

ಈಗ ಡಿಫರೆನ್ಸ್. ಪಾಠದಲ್ಲಿ ಬರುವ ಚಂದದ ಸೂತ್ರ (R2/R1)*(V2 - V1). ಅದು ನಾಲ್ಕು ರೆಸಿಸ್ಟರ್ ಹೊಂದಿಕೊಂಡಾಗ ಮಾತ್ರ ನಿಜ. ಅಸಲು ಸೂತ್ರ ಇದು:

```
Vo = (1 + R2/R1) * (R4/(R3+R4)) * V2 - (R2/R1)*V1
```

V1 R1 ಮೂಲಕ ಮೈನಸ್ ಪಿನ್‌ಗೆ, ಔಟ್‌ಪುಟ್‌ನಿಂದ ಅದೇ ಪಿನ್‌ಗೆ R2. V2 R3 ಮೂಲಕ ಪ್ಲಸ್ ಪಿನ್‌ಗೆ, ಅಲ್ಲಿಂದ ಗ್ರೌಂಡ್‌ಗೆ R4. R1, R3 10 ಕಿಲೋ. R2, R4 100 ಕಿಲೋ. ಸೆನ್ಸರ್ V2ಗೆ ಹೋಯಿತು. V1ಗೆ 0.2 ವೋಲ್ಟ್ ಬೇಕು. ಅಳಿಯ 5 ವೋಲ್ಟ್‌ನಿಂದ 24 ಕಿಲೋ, 1 ಕಿಲೋ ಡಿವೈಡರ್ ಕಟ್ಟಿದ. ಮೀಟರ್ ಇಟ್ಟರೆ ಸರಿಯಾಗಿ 0.200. ಜೋಡಿಸಿದ. ಗಾಜಿನ ಥರ್ಮಾಮೀಟರ್ 43 ತೋರಿಸುತ್ತಿತ್ತು. ನಮ್ಮ ಔಟ್‌ಪುಟ್ 2.13 ವೋಲ್ಟ್, ಅಂದರೆ 41.3 ಡಿಗ್ರಿ.

"ಮಾಮಾ, ಹೊರಗ ಮೈ ಸುಡ್ಲಿಕ್ಕತ್ತದ, ಇದು ಬರೇ ನಲ್ವತ್ತೊಂದು ತೋರಸ್ಲಿಕ್ಕತ್ತದ. ಸೆನ್ಸರ್ ಕೆಟ್ಟದೇನು?"

"ಸೆನ್ಸರ್ ಬಿಡೊ. ಆ 0.2 ಇನ್ನೊಮ್ಮೆ ಅಳದು ನೋಡು."

ಅಳೆದ. 0.217 ಇತ್ತು. ಜೋಡಿಸುವ ಮುಂಚೆ 0.200, ಜೋಡಿಸಿದ ಮೇಲೆ 0.217. ಇಲ್ಲಿ ಮೈನಸ್ ಪಿನ್ ಸೊನ್ನೆಯಲ್ಲಿ ಕೂರುವುದಿಲ್ಲ. ಪ್ಲಸ್ ಪಿನ್ ಎಲ್ಲಿದೆಯೋ ಅಲ್ಲಿಗೆ ಅದೂ ಹೋಗುತ್ತದೆ. 43 ಡಿಗ್ರಿಯಲ್ಲಿ ಅದು 0.39 ವೋಲ್ಟ್. ಅಲ್ಲಿಂದ R1 ಮೂಲಕ ಡಿವೈಡರ್ ಕಡೆಗೆ ಕರೆಂಟ್ ವಾಪಸ್ ಹರಿದು ಅದನ್ನು ಎತ್ತುತ್ತದೆ. ಶೆಕೆ ಹೆಚ್ಚಿದಷ್ಟೂ ಜಾಸ್ತಿ ಎತ್ತುತ್ತದೆ. 20 ಡಿಗ್ರಿ ಹತ್ತಿರ ನೋಡಿದರೆ ತಪ್ಪು ಕಾಣೋದೇ ಇಲ್ಲ, ಬರೀ 16 ಮಿಲಿವೋಲ್ಟ್. ಏಸಿ ಕೋಣೆಯ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ ಪಾಸ್ ಅಂದುಬಿಡುವುದು ಹೀಗೇ.

ರೆಸಿಸ್ಟರ್ ಲೆಕ್ಕದಲ್ಲಿ ಹೇಳೋದಾದರೆ, 24 ಕಿಲೋ ಮತ್ತು 1 ಕಿಲೋ ಪ್ಯಾರಲಲ್‌ನಲ್ಲಿ 0.96 ಕಿಲೋ. ಅದು R1ಗೆ ಸೇರಿಕೊಂಡು R1 10.96 ಆಯ್ತು. R2/R1 10 ಅಲ್ಲ, 9.12. V2 ಕಡೆಯ ಪಟ್ಟೂ 9.20ಕ್ಕೆ ಇಳಿಯಿತು, ಯಾಕಂದ್ರೆ ಅದರೊಳಗೂ R2/R1 ಇದೆ. ನಾವು ಮುಟ್ಟಿದ್ದು ಒಂದು ಇನ್‌ಪುಟ್, ಕೆಟ್ಟದ್ದು ಎರಡೂ. ಡಿವೈಡರ್ ಅನ್ನು 2.4 ಕಿಲೋ, 100 ಓಮ್ ಮಾಡಿದೆವು. ಓದಿಕೆ 42.8ಕ್ಕೆ ಬಂತು. ಐಸಿಯ ಇನ್ನರ್ಧವನ್ನು ಬಫರ್ ಆಗಿ ಹಾಕಿದ ಮೇಲೆ ಪೂರ್ತಿ ಸರಿಯಾಯಿತು.

ಹತ್ತು ಪಟ್ಟನ್ನು ಸ್ವಲ್ಪ ತಿದ್ದಬೇಕು ಅಂದರೆ ಡಿಫರೆನ್ಸ್‌ನಲ್ಲಿ ಒಂದು ಪ್ರೀಸೆಟ್ ಸಾಲದು. R2 ತಿರುಗಿಸಿದರೆ ಎರಡೂ ಕಡೆ ಕದಲುತ್ತದೆ, R4 ಅನ್ನೂ ಜೊತೆಗೇ ತಿರುಗಿಸಬೇಕು. ಅಳಿಯ ಅರ್ಧ ಗಂಟೆ ಇದರಲ್ಲೇ ಕಳೆದ. ಈ ವಿಷಯದಲ್ಲಿ ಸಮ್ಮಿಂಗೇ ಮೇಲು, ನನಗೆ ಅನುಮಾನ ಇಲ್ಲ.

ಡಿಫರೆನ್ಸ್ ಪರವಾಗಿ ಒಂದು ಮಾತು: ಇದಕ್ಕೆ ಮೈನಸ್ ಸಪ್ಲೈ ಬೇಕಾಗಲಿಲ್ಲ. ಔಟ್‌ಪುಟ್ ನೆಟ್ಟಗೇ ಬರುತ್ತದೆ, ಎಲ್‌ಎಂ358 ಗ್ರೌಂಡ್ ಹತ್ತಿರದವರೆಗೂ ಇಳಿಯುತ್ತದೆ. 9 ವೋಲ್ಟ್ ಬ್ಯಾಟರಿ ಸಾಕು. ಆದರೆ ಡಿಸೆಂಬರ್ ಬೆಳಗ್ಗೆ 20ಕ್ಕಿಂತ ಕೆಳಗೆ ಹೋದಾಗ ಅದು ಸೊನ್ನೆಯಲ್ಲೇ ಅಂಟಿಕೊಳ್ಳುತ್ತದೆ. ಬೀದರ್‌ನಲ್ಲಾದರೆ ಇನ್ನೂ ಮುಂಚೆಯೇ ಅಂಟಿಕೊಂಡೀತು.

ಇಷ್ಟಾದ ಮೇಲೆ ಸಮ್ಮಿಂಗ್ ಬೋರ್ಡನ್ನೇ ಮಿಲ್‌ಗೆ ಒಯ್ದೆವು. ಅಲ್ಲಿ ಕಥೆ ತಿರುಗಿತು.

ಕೋಣೆಯಿಂದ ಆಫೀಸಿಗೆ 15 ಮೀಟರ್ ತಂತಿ, 0.5 ಚದರ ಮಿಲಿಮೀಟರಿನದು. ಒಂದು ಎಳೆಗೆ ಸುಮಾರು ಅರ್ಧ ಓಮ್. ಸೆನ್ಸರ್ ತಾನು ತಿನ್ನುವುದು ನೂರು ಮೈಕ್ರೋಆಂಪ್ ಸಹ ಅಲ್ಲ, ಅದರಿಂದ ತೊಂದರೆ ಇಲ್ಲ. ಆದರೆ ಫ್ಯಾನ್ ಓಡುತ್ತಿದೆ ಅಂತ ತೋರಿಸುವ ಎಲ್‌ಇಡಿ ಒಂದನ್ನು ಅದೇ ಗ್ರೌಂಡ್ ತಂತಿಗೆ ಕೊಟ್ಟಿದ್ದೆವು, 20 ಮಿಲಿಆಂಪ್. ಅದು ಹೊತ್ತಿದಾಗಲೆಲ್ಲ ಓದಿಕೆ ಒಂದು ಡಿಗ್ರಿ ಹಾರುತ್ತಿತ್ತು. ಫ್ಯಾನ್ ಹಾಕಿದರೆ ಕೋಣೆ ಬಿಸಿ ಆಗುತ್ತಾ? ಅಳಿಯನ ಮುಖ ನೋಡಬೇಕಿತ್ತು. ಅರ್ಧ ಓಮ್, 20 ಮಿಲಿಆಂಪ್, 10 ಮಿಲಿವೋಲ್ಟ್. ಸೆನ್ಸರ್‌ನ ಗ್ರೌಂಡ್ ಅಷ್ಟು ಮೇಲೆ ಎದ್ದಿತ್ತು. ಸಮ್ಮಿಂಗ್ ಎಲ್ಲವನ್ನೂ ತನ್ನ ಗ್ರೌಂಡ್‌ನಿಂದಲೇ ಅಳೆಯುತ್ತದೆ, ಈ 10 ಮಿಲಿವೋಲ್ಟನ್ನೂ ಹತ್ತು ಪಟ್ಟು ಮಾಡಿ ಮುಂದಕ್ಕೆ ಕೊಡುತ್ತದೆ.

ಹಾಗಾದ್ರೆ ಡಿಫರೆನ್ಸ್ ಬೋರ್ಡ್ ಹಾಕೋಣ ಅಂತ ಹಾಕಿದೆವು. ಆಗಲೂ ಒಂದು ಡಿಗ್ರಿ ಹಾರಿತು! ಯೋಚಿಸಿದರೆ ಸರಿಯೇ. ನಾವು ಕಳೆಯುತ್ತಿದ್ದದ್ದು 0.2 ವೋಲ್ಟನ್ನು, ಅದೂ ಆಫೀಸಿನ ಗ್ರೌಂಡ್‌ನಿಂದ ಅಳೆದ 0.2 ವೋಲ್ಟನ್ನು. ದೂರದ ಗ್ರೌಂಡನ್ನು ಯಾರೂ ಕಳೆದೇ ಇಲ್ಲ. ಕಳೆಯುವ ಕಾಲನ್ನು 0.2ಕ್ಕೆ ಖರ್ಚು ಮಾಡಿ ಕೂತಿದ್ದೆವು.

ಆ 0.2ಕ್ಕೆ ಬೇರೆ ಜಾಗ ಇದೆ. R4ನ ಕೆಳಗಿನ ತುದಿ ಗ್ರೌಂಡ್‌ಗೇ ಹೋಗಬೇಕು ಅಂತೇನಿಲ್ಲ. ಅದನ್ನು ಬಿಡಿಸಿ ಒಂದು Vrefಗೆ ಕೊಟ್ಟರೆ, R2/R1 ಮತ್ತು R4/R3 ಸಮ ಇದ್ದಾಗ ಹೀಗಾಗುತ್ತದೆ:

```
Vo = (R2/R1)*(V2 - V1) + Vref
```

Vref ಒಂದು ಪಟ್ಟು ಮಾತ್ರ, ಸುಮ್ನೆ ಕೂಡಿಕೊಳ್ಳುತ್ತದೆ. ಅಂದರೆ ಡಿಫರೆನ್ಸ್‌ನ ಹೊಟ್ಟೆಯೊಳಗೇ ಒಂದು ಸಮ್ಮಿಂಗ್ ಇದೆ. ನಾವು ಮೈನಸ್ 12ರಿಂದ ಪ್ರೀಸೆಟ್ ಹಾಕಿ ಮೈನಸ್ 2 ವೋಲ್ಟ್ ತೆಗೆದೆವು, ಬಫರ್ ಮೂಲಕ R4ಗೆ ಕೊಟ್ಟೆವು. V1 ಖಾಲಿಯಾಯಿತು. ಸೆನ್ಸರ್‌ನ ಗ್ರೌಂಡ್ ಕಾಲಿನಿಂದಲೇ ಬೇರೆ ಒಂದು ತಂತಿ ಎಳೆದು V1ಗೆ ತಂದೆವು. ಈ ತಂತಿಯಲ್ಲಿ ಎಲ್‌ಇಡಿ ಕರೆಂಟ್ ಹರಿಯೋದಿಲ್ಲ, R1ನ ಮೈಕ್ರೋಆಂಪ್‌ಗಳು ಮಾತ್ರ. ಎಲ್‌ಇಡಿ ಹತ್ತಿಸಿ ಆರಿಸಿ ನೋಡಿದೆವು, ಓದಿಕೆ ಕದಲಲಿಲ್ಲ. ಬ್ಯಾಟರಿಯಲ್ಲಿ ಓಡಿಸುವ ಸುಖ ಮಾತ್ರ ಹೋಯಿತು, ಮೈನಸ್ ಸಪ್ಲೈ ಮತ್ತೆ ಬಂತು.

ರೆಸಿಸ್ಟರ್ ಹೊಂದಿಕೆ ಎಷ್ಟು ನಿಖರ ಬೇಕು? ಎರಡೂ ಇನ್‌ಪುಟ್ ಒಟ್ಟಿಗೆ ಕಟ್ಟಿ 1 ವೋಲ್ಟ್ ಕೊಡಿ, ಔಟ್‌ಪುಟ್ ಎಷ್ಟು ಸರಿಯಿತು ನೋಡಿ. ಶೇಕಡಾ 5ರ ರೆಸಿಸ್ಟರ್‌ಗಳಲ್ಲಿ R3 ಒಂದು ಕಡೆ, R4 ಇನ್ನೊಂದು ಕಡೆ ಪೂರ್ತಿ ಸರಿದಿದ್ದರೆ ಸುಮಾರು 95 ಮಿಲಿವೋಲ್ಟ್ ಸರಿಯುತ್ತದೆ. ನಾಲ್ಕೂ ಕೆಟ್ಟ ಕಡೆಗೇ ಇದ್ದರೆ 200. ನಾನು ಪೊಟ್ಟಣದಿಂದ ಮೀಟರ್‌ನಲ್ಲಿ ಅಳೆದು ಆರಿಸಿದೆ. ಒಂದು ಜೋಡಿ 9.93 ಮತ್ತು 100.4 ಕಿಲೋ, ಇನ್ನೊಂದು 10.04 ಮತ್ತು 101.5. ಬೆಲೆ ಬೇರೆ ಬೇರೆ, ಆದರೆ ಎರಡರ ಅನುಪಾತವೂ 10.11. ಬೇಕಾದದ್ದು ಅದೇ. ಪಟ್ಟು 10ರ ಬದಲು 10.11 ಆಯ್ತು, ಅದನ್ನು ಮೀಟರ್ ಕಡೆ ಸರಿ ಮಾಡಿಕೊಂಡೆವು.

ನಿಜ ಹೇಳಬೇಕು ಅಂದ್ರೆ, ಬರೀ 10 ಮಿಲಿವೋಲ್ಟ್ ಗ್ರೌಂಡ್ ತೊಂದರೆಗೆ ಇಷ್ಟು ಆರಿಸೋದು ನನ್ನ ಹಟ. ಆ 95ರ ಲೆಕ್ಕದಲ್ಲೂ ಉಳಿಯುವ ತಪ್ಪು ಒಂದು ಮಿಲಿವೋಲ್ಟ್, 0.01 ಡಿಗ್ರಿ. ಆದರೆ ಚೀಲ ತೂಗುವ ಲೋಡ್ ಸೆಲ್‌ಗೆ ಇದೇ ಸರ್ಕ್ಯೂಟ್ ಹಾಕಿದರೆ ಲೆಕ್ಕ ಬೇರೆ. 5 ವೋಲ್ಟ್ ಕೊಟ್ಟಾಗ ಅದರ ಎರಡೂ ತಂತಿ 2.5 ವೋಲ್ಟ್‌ನಲ್ಲಿ ಕೂತಿರುತ್ತವೆ. ಅದೇ ಹೊಂದಿಕೆ ತಪ್ಪಿದ ರೆಸಿಸ್ಟರ್‌ಗಳು ಅಲ್ಲಿ ಕಾಲು ವೋಲ್ಟ್ ಸುಳ್ಳು ಹೇಳುತ್ತವೆ. ಗೆಳೆಯ ಈಗ ಅದನ್ನೇ ಕೇಳುತ್ತಿದ್ದಾನೆ. ಸದ್ಯಕ್ಕೆ ಮಿಲ್‌ನಲ್ಲಿ ಡಿಫರೆನ್ಸ್ ಬೋರ್ಡ್ ಓಡುತ್ತಿದೆ. ಸಮ್ಮಿಂಗ್ ಬೋರ್ಡ್ ನನ್ನ ಮೇಜಿನ ಮೇಲಿದೆ, ಸೆನ್ಸರ್ ಅದರ ಪಕ್ಕದಲ್ಲೇ, ನಾಲ್ಕು ಇಂಚು ತಂತಿಯಲ್ಲಿ.