12 ಲಕ್ಷವೋ, 9 ಲಕ್ಷವೋ?

ಕ್ಯಾಂಪಸ್‌ನಲ್ಲಿ ಎರಡು ಆಫರ್ ಬಂದಿದೆ, ಯಾವುದು ಹಿಡಿಯಲಿ ಅಂತ ಕೇಳಿದ್ದೀಯ. ಒಟ್ಟು ಮೊತ್ತ ಬಿಡು, ಆಫರ್ ಪತ್ರದ ಕೊನೆಯಲ್ಲಿರುವ ಸಂಬಳದ ಪಟ್ಟಿ ನೋಡು.

12 ಲಕ್ಷದ್ದರಲ್ಲಿ ಖಚಿತ ಸಂಬಳ 7.2 ಲಕ್ಷ ಮಾತ್ರ. ಜಾಯ್ನಿಂಗ್ ಬೋನಸ್ 1.5, ಕೆಲಸ ನೋಡಿ ಕೊಡುವ ವೇರಿಯಬಲ್ 1, ವಿಮೆ 0.3, ಷೇರು 2 ಲಕ್ಷ. ಆ ಷೇರು ನಾಲ್ಕು ವರ್ಷದಲ್ಲಿ ಸಿಗುವಂಥದ್ದು, ಆದರೂ ಪೂರ್ತಿ ಸೇರಿಸಿದ್ದಾರೆ! 9 ಲಕ್ಷದ್ದರಲ್ಲಿ ಖಚಿತ 8.4, ವೇರಿಯಬಲ್ 0.6.

ತಿಂಗಳ ಲೆಕ್ಕದಲ್ಲಿ ಮೊದಲನೆಯದು 60,000, ಎರಡನೆಯದು 70,000. ಪಿಎಫ್‌ನಲ್ಲಿ ಕಂಪನಿಯ ಪಾಲೂ ಸಾಮಾನ್ಯವಾಗಿ ಇದರೊಳಗೇ ಇರುತ್ತೆ, ಹಾಗಾಗಿ ಕೈಗೆ ಇನ್ನೂ ಕಡಿಮೆ.

ಮೊದಲ ವರ್ಷ ವೇರಿಯಬಲ್ ಪೂರ್ತಿ ಬಂದರೆ ದೊಡ್ಡ ಆಫರ್‌ನಲ್ಲಿ 9.7 ಲಕ್ಷ, ಅದೇ ಜಾಸ್ತಿ. ಎರಡನೇ ವರ್ಷ ಬೋನಸ್ ಇಲ್ಲ: ಷೇರಿನ ಕಾಲುಭಾಗ ಸೇರಿಸಿದರೂ 8.7. ಸಂಬಳ ಏರದಿದ್ದರೆ ಆಗ ಚಿಕ್ಕದೇ ಮುಂದೆ.

ಎಜುಕೇಶನ್ ಲೋನ್ ಕಂತು ಇದ್ದರೆ 9 ಲಕ್ಷದ್ದು ಹಗುರ. ಮನೆ ಅಡ್ವಾನ್ಸ್‌ಗೆ ಈಗಲೇ ದುಡ್ಡು ಬೇಕು, ಅಲ್ಲೇ ನಿಲ್ಲುತ್ತೀಯ ಅಂದರೆ 12ರದ್ದು ಸರಿ. ವರ್ಷದೊಳಗೆ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕಾ ಅಂತ ಮೊದಲೇ ಓದು. ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಾದರೆ ಆ ಷೇರನ್ನು ಬೇಕಾದಾಗ ಮಾರೋಕಾಗಲ್ಲ.