ಫೋನಿನಲ್ಲಿ ‘ಹೌದು’ ಎಂದವರೆಲ್ಲ ಆರ್ಡರ್ ಮಾಡಿದವರಲ್ಲ: ಕ್ಯಾಶ್ ಆನ್ ಡೆಲಿವರಿ ಮಾರಾಟಗಾರರಿಗೆ ಒಂದು ಎಚ್ಚರಿಕೆ

ನಾವು ಇಳಕಲ್ ಸೀರೆಗಳನ್ನು ನಮ್ಮದೇ ಸಣ್ಣ ಜಾಲತಾಣದ ಮೂಲಕ ಮಾರುತ್ತೇವೆ. ಕಳೆದ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳು ಹೆಚ್ಚಾದವು. ಅವುಗಳಲ್ಲಿ ನಕಲಿ ಯಾವುದು ಎಂದು ಕರೆ ಮಾಡಿ ವಿಚಾರಿಸುವ ಕೆಲಸವನ್ನು ಹೊರಗಿನ ಒಂದು ಏಜೆನ್ಸಿಗೆ ವಹಿಸಿದೆವು. ಪ್ರತಿಯೊಂದು ಆರ್ಡರಿನ ಮುಂದೆ ‘ಖಚಿತವಾಗಿದೆ’ ಎಂದು ಬರೆದ ಪಟ್ಟಿ ಸಂಜೆಗೆ ನಮ್ಮ ಕೈ ಸೇರುತ್ತಿತ್ತು. ಅದನ್ನು ನಂಬಿ ಕಳುಹಿಸಿದ ಪಾರ್ಸೆಲ್‌ಗಳಲ್ಲಿ ಗಣನೀಯ ಪಾಲು, ಹಬ್ಬ ಮುಗಿದ ಮೇಲೆ, ‘ಗ್ರಾಹಕರು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ನಮ್ಮ ಬಾಗಿಲಿಗೇ ಮರಳಿದವು.

ಒಂದು ಆರ್ಡರಿನ ಕಥೆಯನ್ನು ವಿವರವಾಗಿ ಹೇಳುತ್ತೇನೆ. ಗೋಮಿ ದಡಿಯ 1,850 ರೂಪಾಯಿಯ ಸೀರೆ, ದಾವಣಗೆರೆಯ ವಿಳಾಸ. ಪಾರ್ಸೆಲ್ ಹಿಂದಿರುಗಿದ ಮೇಲೆ ಆ ಸಂಖ್ಯೆಗೆ ನಾನೇ ಕರೆ ಮಾಡಿದಾಗ, ಬೇರೆಯೇ ಊರಿನ ಒಬ್ಬ ಹಿರಿಯರು ಮಾತನಾಡಿದರು. “ಯಾರೋ ಹುಡುಗಿ ಫೋನ್ ಮಾಡಿ ನಿಮ್ಮ ಆರ್ಡರ್ ಕನ್ಫರ್ಮ್ ಮಾಡ್ಲಾ ಸರ್ ಅಂದ್ಲು, ನಾನು ಗ್ಯಾಸ್ ಸಿಲಿಂಡರ್ ಬುಕಿಂಗ್ ಇರಬೇಕು ಅಂತ ಹ್ಞೂಂ ಅಂದೆ” ಎಂದರು. ಯಾರೋ ಕಿಡಿಗೇಡಿಗಳು ಅವರ ಸಂಖ್ಯೆಯನ್ನು ಹಾಕಿ ಆರ್ಡರ್ ಮಾಡಿದ್ದರು. ಹೋಗುವ ಸಾಗಣೆಗೆ 85, ಬರುವುದಕ್ಕೆ 75, ಪ್ಯಾಕಿಂಗಿಗೆ 20, ಒಟ್ಟು 180 ರೂಪಾಯಿ ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹಬ್ಬಕ್ಕೆ ಖಂಡಿತ ಮಾರಾಟವಾಗುತ್ತಿದ್ದ ಸೀರೆ ಆ ದಿನಗಳನ್ನೆಲ್ಲ ಕೊರಿಯರ್ ಗೋದಾಮಿನಲ್ಲಿ ಕಳೆದದ್ದು.

ಏಜೆನ್ಸಿಯ ಕರೆಗಳ ಧ್ವನಿಮುದ್ರಣ ಕೇಳಿದಾಗ ಕಾರಣ ತಿಳಿಯಿತು. ಹೆಸರು, ವಿಳಾಸ, ಸೀರೆಯ ಬಣ್ಣ, ಬೆಲೆ ಎಲ್ಲವನ್ನೂ ಅವರೇ ಗಡಗಡನೆ ಓದಿ, ಕೊನೆಯಲ್ಲಿ “ಸರಿ ಅಲ್ವಾ?” ಎನ್ನುತ್ತಿದ್ದರು. ಅಂಥ ಪ್ರಶ್ನೆಗೆ ಅವಸರದಲ್ಲಿರುವ ಯಾರಾದರೂ ಹೌದು ಎಂದೇ ಹೇಳುತ್ತಾರೆ. ಅಲ್ಲದೆ, ನಾವು ಹಣ ಕೊಡುತ್ತಿದ್ದದ್ದು ಖಚಿತವಾದ ಪ್ರತಿ ಆರ್ಡರಿಗೆ ಇಷ್ಟು ಎಂಬ ಲೆಕ್ಕದಲ್ಲಿ; ಹಾಗಿರುವಾಗ ‘ಇದು ನಕಲಿ’ ಎಂದು ಬರೆದರೆ ಅವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಹೊರಗಿನವರಿಗೆ ಈ ಕೆಲಸ ಕೊಡುವವರು ಮಾಡಿದ ಕರೆಯ ಲೆಕ್ಕದಲ್ಲಿ ಹಣ ಕೊಡಲಿ, ಖಚಿತವಾದ ಆರ್ಡರಿನ ಲೆಕ್ಕದಲ್ಲಿ ಬೇಡ.

ಈಗ ಕರೆಗಳನ್ನು ನಾವೇ ಮಾಡುತ್ತೇವೆ. ಅಂಗಡಿಯ ಹೆಸರು, ಊರು ಹೇಳಿದ ಮೇಲೆ, “ನಮ್ಮಲ್ಲಿ ಏನಾದರೂ ಆರ್ಡರ್ ಮಾಡಿದ್ದೀರಾ, ಯಾವ ಬಣ್ಣ ಆರಿಸಿದ್ದೀರಿ?” ಎಂದು ಕೇಳಿ ಸುಮ್ಮನಾಗುತ್ತೇವೆ. ನಿಜವಾದ ಗ್ರಾಹಕರು ಬಣ್ಣದ ಜೊತೆಗೆ ಅಂಚಿನ ಬಗ್ಗೆಯೂ ಒಂದೆರಡು ಮಾತು ಸೇರಿಸುತ್ತಾರೆ. ಬಳಿಕ ವಿಳಾಸವನ್ನು ಅವರ ಬಾಯಿಂದಲೇ ಹೇಳಿಸಿ, ಮನೆಯ ಹತ್ತಿರದ ಗುರುತು ಮತ್ತು ಪಾರ್ಸೆಲ್ ಬಂದಾಗ ಹಣ ಕೊಡುವವರು ಯಾರು ಎಂಬುದನ್ನು ಕೇಳುತ್ತೇವೆ. ಈ ಕೊನೆಯ ಪ್ರಶ್ನೆಯಿಂದ, “ನಾನಿಲ್ಲದಾಗ ಮಾವನವರು ವಾಪಸ್ ಕಳಿಸಿಬಿಟ್ಟರು” ಎಂಬಂಥ ಪ್ರಕರಣಗಳೂ ಕಡಿಮೆಯಾದವು. ಪಟ್ಟಿಯಲ್ಲಿ ‘ಸರಿ’ ಎಂದಷ್ಟೇ ಬರೆಯದೆ ಅವರು ಹೇಳಿದ ಉತ್ತರವನ್ನೇ ಬರೆದುಕೊಳ್ಳುತ್ತೇವೆ. ಕರೆ ಬೇರೆ ಯಾರಿಗೋ ಹೋಗಿದೆ ಎಂದು ತಿಳಿದರೆ ಆರ್ಡರಿನಲ್ಲಿರುವ ಹೆಸರನ್ನಾಗಲಿ ವಿಳಾಸವನ್ನಾಗಲಿ ಹೇಳದೆ ಕ್ಷಮೆ ಕೇಳಿ ಫೋನ್ ಇಡುತ್ತೇವೆ.

ಕರೆಯಲ್ಲಿ ಯಾವ ಕಾರಣಕ್ಕೂ ಒಟಿಪಿ ಕೇಳಬೇಡಿ. ಆರ್ಡರಿನ ನೆಪದಲ್ಲಿ ಒಟಿಪಿ ಕೇಳಿ ವಂಚಿಸುವವರು ಇರುವುದರಿಂದ, ಆ ಮಾತು ಬಂದೊಡನೆ ಒಳ್ಳೆಯ ಗ್ರಾಹಕರೂ ಫೋನ್ ಇಟ್ಟುಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಅಪರಿಚಿತ ಸಂಖ್ಯೆಯ ಕರೆಯನ್ನು ಎತ್ತದವರೂ ಅನೇಕರು. ಆದ್ದರಿಂದ ಯಾವ ಸಂಖ್ಯೆಯಿಂದ ಕರೆ ಬರುತ್ತದೆ ಎಂಬುದನ್ನು ಆರ್ಡರ್ ಆದ ಕೂಡಲೇ ಪರದೆಯ ಮೇಲೆ ತೋರಿಸುತ್ತೇವೆ, ಅದೇ ಸಂಖ್ಯೆಯಿಂದ ವಾಟ್ಸಾಪ್ ಸಂದೇಶವನ್ನೂ ಕಳುಹಿಸುತ್ತೇವೆ. ಹಗಲಿನಲ್ಲಿ ಎತ್ತದವರು ಸಂಜೆ ಕೆಲಸದಿಂದ ಮನೆಗೆ ಬಂದ ಮೇಲೆ ಎತ್ತುವುದುಂಟು. ಒಂದು ಕರೆಗೆ ಉತ್ತರ ಬರಲಿಲ್ಲವೆಂದು ಆರ್ಡರ್ ನಕಲಿ ಎಂದು ತೀರ್ಮಾನಿಸಬಾರದು. ಎರಡು ದಿನ ಕಾದು, ಆಗಲೂ ಉತ್ತರವಿಲ್ಲದಿದ್ದರೆ ರದ್ದುಪಡಿಸಿದ್ದೇವೆಂದು ಸಂದೇಶ ಕಳುಹಿಸಿ, ಸೀರೆಯನ್ನು ಮತ್ತೆ ಮಾರಾಟಕ್ಕಿಡುತ್ತೇವೆ.

ಇಷ್ಟಾದರೂ ಕರೆಯ ಮೇಲೆ ಮಾತನಾಡಿದವರೇ ಬಾಗಿಲಲ್ಲಿ ಮನಸ್ಸು ಬದಲಿಸುವುದನ್ನು ತಡೆಯಲಾಗದು. ಬೇರೊಂದು ಸಿಮ್ ಇಟ್ಟುಕೊಂಡು ಬೇಕೆಂದೇ ಕೀಟಲೆ ಮಾಡುವವರು ಬಣ್ಣವನ್ನೂ ಗುರುತನ್ನೂ ಸರಾಗವಾಗಿ ಹೇಳಬಲ್ಲರು. ಹಾಗಾಗಿ 3,000 ರೂಪಾಯಿ ಮೀರಿದ ಸೀರೆಗೆ, ಮಾತು ಮುಗಿದ ಮೇಲೆ, 200 ರೂಪಾಯಿಯನ್ನು ಯುಪಿಐ ಮೂಲಕ ಮುಂಗಡವಾಗಿ ಪಡೆದು, ಉಳಿದದ್ದನ್ನು ಮಾತ್ರ ಬಾಗಿಲಲ್ಲಿ ತೆಗೆದುಕೊಳ್ಳುವ ಕ್ರಮ ಇಟ್ಟಿದ್ದೇವೆ. ಇದರಿಂದ ಕೆಲವು ನಿಜವಾದ ಗ್ರಾಹಕರೂ ಹಿಂದೆ ಸರಿಯುತ್ತಾರೆ. ಎರಡೂ ಕಡೆಯ ಸಾಗಣೆ ವೆಚ್ಚದ ಜೊತೆ ತೂಗಿ ನೋಡಿ, ದುಬಾರಿ ಸೀರೆಗಳಿಗೆ ಮಾತ್ರ ಅದನ್ನು ಅನ್ವಯಿಸಿದ್ದೇವೆ.