8 ಲಕ್ಷದ ವಿಮೆ ಇದ್ದರೂ 6 ಲಕ್ಷದ ನಷ್ಟಕ್ಕೆ ಸಿಕ್ಕಿದ್ದು 3 ಲಕ್ಷ

ತುಮಕೂರಿನ ಒಂದು ಬಟ್ಟೆ ಅಂಗಡಿಯಲ್ಲಿ ದೀಪಾವಳಿಗೆ ಮುಂಚೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. 6 ಲಕ್ಷದ ಮಾಲು ಹಾಳಾಯಿತು. ವಿಮೆ 8 ಲಕ್ಷಕ್ಕಿತ್ತು, ಹಾಗಾಗಿ ನಷ್ಟ ಪೂರ್ತಿ ತುಂಬುತ್ತದೆ ಎಂದೇ ಮಾಲೀಕರು ನಂಬಿದ್ದರು.

ಆ 8 ಲಕ್ಷ ಬಂದದ್ದೆಲ್ಲಿಂದ? ಮಾಲಿನ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುತ್ತಿರಲು ಬ್ಯಾಂಕ್ ಕೊಟ್ಟಿದ್ದ ಸಿಸಿ ಸಾಲ ಅಷ್ಟಿತ್ತು, ಪಾಲಿಸಿಯನ್ನೂ ಬ್ಯಾಂಕೇ ಅಷ್ಟಕ್ಕೆ ಮಾಡಿಸಿತ್ತು. ಹಬ್ಬಕ್ಕೆಂದು ತುಂಬಿಸಿದ ಮಾಲು ಮಾತ್ರ 16 ಲಕ್ಷದ್ದು. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮೊದಲು ನೋಡುವುದು ಇದನ್ನೇ. ಇದ್ದ ಮಾಲಿನ ಅರ್ಧಕ್ಕೆ ಮಾತ್ರ ವಿಮೆ ಇದ್ದರೆ, ಸುಟ್ಟಿದ್ದು ಎಷ್ಟೇ ಆಗಲಿ, ಅದರಲ್ಲೂ ಅರ್ಧವನ್ನೇ ಕೊಡುತ್ತಾರೆ. 6 ಲಕ್ಷ 3 ಲಕ್ಷವಾಯಿತು. ಅದರಲ್ಲೂ ಮಾಲೀಕರು ಹೊರಬೇಕಾದ ಪಾಲು ಕಳೆದು, ಉಳಿದದ್ದು ನೇರ ಸಾಲದ ಖಾತೆಗೆ ಹೋಯಿತು, ಏಕೆಂದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿತ್ತು.

ಸಣ್ಣ ಅಂಗಡಿಗಳಿಗೆ 2021ರ ಏಪ್ರಿಲ್‌ನಿಂದ ಇರುವ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಕಡಿತ ಇಲ್ಲ. ಅಂದರೆ ಈ ಅಂಗಡಿ 13.6 ಲಕ್ಷಕ್ಕೆ ವಿಮೆ ಮಾಡಿಸಿದ್ದರೂ ಸಾಕಿತ್ತು. ವರ್ಷದಲ್ಲಿ ಮಾಲು ಅತಿ ಹೆಚ್ಚು ಇರುವ ತಿಂಗಳ ಖರೀದಿ ಬೆಲೆಯನ್ನು ಹಿಡಿದು ಮೊತ್ತ ಹಾಕಿಸಿ, ಮಾರುವ ಬೆಲೆಯನ್ನಲ್ಲ. ಮಾಲಿರುವ ಗೋಡೌನಿನ ವಿಳಾಸವೂ ಪಾಲಿಸಿಯಲ್ಲಿರಬೇಕು. ಖರೀದಿ ಬಿಲ್ಲು ಅಂಗಡಿಯ ಜೊತೆಗೇ ಸುಟ್ಟರೆ ಮಾಲಿಗೆ ಸಾಕ್ಷಿಯೇ ಇರುವುದಿಲ್ಲ; ಪ್ರತಿ ಬಿಲ್ಲಿನ ಫೋಟೋ ಮನೆಯವರ ಫೋನಿನಲ್ಲೂ ಇರಲಿ. ಬ್ಯಾಂಕಿಗೆ ತಿಂಗಳಿಗೊಮ್ಮೆ ಕೊಡುವ ಸ್ಟಾಕ್ ಪಟ್ಟಿಗೂ ಜಿಎಸ್‌ಟಿ ಲೆಕ್ಕಕ್ಕೂ ತಾಳೆಯಾಗದಿದ್ದರೆ ಸರ್ವೇಯರ್ ಪ್ರಶ್ನೆ ಎತ್ತುತ್ತಾರೆ. ನೆನೆದ, ಹೊಗೆ ಹಿಡಿದ ಬಟ್ಟೆಯನ್ನು ಅವರು ನೋಡುವ ಮುಂಚೆ ದಯವಿಟ್ಟು ಎಸೆಯಬೇಡಿ.

ಕಳವಿಗೆ ಬೇರೆಯೇ ಪಾಲಿಸಿ ಬೇಕು. ಅದು ಕೂಡ ಬೀಗ, ಶಟರ್ ಮುರಿದ ಗುರುತಿದ್ದರೇ. ಕೆಲಸದ ಹುಡುಗ ಗಲ್ಲಾಪೆಟ್ಟಿಗೆಯಿಂದ ತೆಗೆದದ್ದಕ್ಕೆ ಅದರಲ್ಲಿ ಪರಿಹಾರ ಸಿಗುವುದಿಲ್ಲ.

ನಮ್ಮ ಪ್ರಕಾರ ಆ ಅಂಗಡಿಯನ್ನು ಹೆಚ್ಚು ಕುಗ್ಗಿಸಿದ್ದು ಬಾಗಿಲು ಮುಚ್ಚಿದ ತಿಂಗಳುಗಳು. ಮಾಲಿನ ವಿಮೆ ಬಾಡಿಗೆ ಕಟ್ಟುವುದಿಲ್ಲ. ಬಾಡಿಗೆ 15,000, ಇಬ್ಬರ ಸಂಬಳ 24,000, ಕಂತು 11,000 ಅಂದರೆ ತಿಂಗಳಿಗೆ 50,000. ಮೂರು ತಿಂಗಳಿಗೆ 1.5 ಲಕ್ಷ ಕೈಯಲ್ಲಿರಬೇಕು. ಅದನ್ನು ಸಿಸಿ ಖಾತೆಯಲ್ಲಿ ಬಿಟ್ಟರೆ ಸಾಲಕ್ಕೇ ಜಮೆಯಾಗುತ್ತದೆ, ಆದ್ದರಿಂದ ಬೇರೆ ಬ್ಯಾಂಕಿನಲ್ಲಿಡಿ. ಮಾಲೀಕರೊಬ್ಬರದೇ ಸಹಿ ಇರುವ ಖಾತೆಯಾದರೆ, ಅವರು ಆಸ್ಪತ್ರೆಯಲ್ಲಿ ಮಲಗಿದಾಗ ಮನೆಯವರು ಚೆಕ್ ಬರೆಯಲಾಗುವುದಿಲ್ಲ. ಹೆಂಡತಿಯದೋ ಮಗನದೋ ಹೆಸರು ಸೇರಿಸಿ, ಇಬ್ಬರಲ್ಲಿ ಯಾರಾದರೊಬ್ಬರ ಸಹಿಗೆ ಹಣ ಸಿಗುವಂಥ ಜಂಟಿ ಖಾತೆ ಮಾಡಿಸಿ.